ಆರನೇ ಸ್ಲೈಡಿನ ಒಂದು ಸೊನ್ನೆ: ಲ್ಯಾಪ್‌ಟಾಪ್ ಇಲ್ಲದೆ ಫೋನಿನಲ್ಲೇ ಪ್ರೆಸೆಂಟೇಶನ್ ತಿದ್ದಿದ ಪ್ರಕರಣ

ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ ಮೇ ಕೊನೆಯ ವಾರ ಅಡಿಕೆ ಬೆಳೆಗಾರರಿಗೆ ಒಂದು ಮಾಹಿತಿ ಕಾರ್ಯಕ್ರಮ. ವಿಷಯ, ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ಕ್ರಮ. ಮಾತಾಡಬೇಕಾದವರು ಬೆಳಿಗ್ಗೆ ಕಾಸರಗೋಡಿನಿಂದ ಬಸ್ಸು ಹಿಡಿದಿದ್ದಾರೆ. ಲ್ಯಾಪ್‌ಟಾಪ್ ರಿಪೇರಿಗೆ ಹೋಗಿದೆ. ಹದಿನಾಲ್ಕು ಸ್ಲೈಡುಗಳ ಪವರ್‌ಪಾಯಿಂಟ್ ಫೈಲನ್ನು ಹಿಂದಿನ ರಾತ್ರಿಯೇ ವಾಟ್ಸಾಪಿನಲ್ಲಿ ಸಂಘಟಕರಿಗೆ ಕಳಿಸಿ ಆಗಿದೆ. ಸಭಾಭವನದ ಲ್ಯಾಪ್‌ಟಾಪಿನಲ್ಲಿ ಅದನ್ನೇ ತೆರೆಯುವುದೆಂದು ಮಾತಾಗಿತ್ತು.

ಬಸ್ಸು ಚೆರ್ಕಳ ದಾಟುವಾಗ ಸಂಘಟಕರ ಸಂದೇಶ ಬಂತು: "ಅಣ್ಣ, ಆರನೇ ಸ್ಲೈಡಲ್ಲಿ ಒಂದು ಕಿಲೋ ಮೈಲುತುತ್ತಿಗೆ ನೀರು ಹತ್ತೇ ಲೀಟರ್ ಅಂತ ಉಂಟಲ್ಲ, ನೂರಲ್ವಾ?"

ನೂರೇ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು. ಮೈಲುತುತ್ತನ್ನು 50 ಲೀಟರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯಬೇಕು. 10 ಲೀಟರ್ ಬೇಕಾದವರಿಗೆ ಎರಡೂ 100 ಗ್ರಾಂ ಸಾಕು. ಸ್ಲೈಡ್ ಮಾಡುವಾಗ ಈ ಎರಡು ಲೆಕ್ಕ ಒಂದಕ್ಕೊಂದು ಬೆರೆತು, ಕಿಲೋದ ಸಾಲಿಗೆ ಹತ್ತು ಲೀಟರಿನ ನೀರು ಬಂದಿತ್ತು. ಅದನ್ನು ಬರೆದುಕೊಂಡು ಹೋದವರು ಹತ್ತು ಪಟ್ಟು ದಪ್ಪದ ದ್ರಾವಣ ಮಾಡುತ್ತಾರೆ. ಬಾಯಲ್ಲಿ ಹೇಳಿ ತಿದ್ದಿದರೆ ಸಾಲದು. ಸಭೆಯಲ್ಲಿ ಅರ್ಧಕ್ಕರ್ಧ ಜನ ಮಾತು ಕೇಳುವುದಕ್ಕಿಂತ ಪರದೆಯ ಫೋಟೋ ತೆಗೆಯುವುದೇ ಹೆಚ್ಚು, ಆ ಫೋಟೋ ಸಂಜೆಯೊಳಗೆ ನಾಲ್ಕು ಗುಂಪುಗಳಲ್ಲಿ ಓಡಾಡುತ್ತದೆ.

ಹಾಗಾಗಿ ಮಾಡಬೇಕಾದ ಬದಲಾವಣೆ ಮೂರು. ಆರನೇ ಸ್ಲೈಡಿನಲ್ಲಿ 10 ಇದ್ದದ್ದು 100 ಆಗಬೇಕು. ಹನ್ನೊಂದನೇ ಸ್ಲೈಡಿನಲ್ಲಿ ಎರಡನೇ ಸಿಂಪಡಣೆಯ ಸಾಲು ಬಿಟ್ಟುಹೋಗಿದೆ, ಅದನ್ನು ಸೇರಿಸಬೇಕು. ಒಂಬತ್ತನೇ ಸ್ಲೈಡಿನ ಚಾರ್ಟಿನಲ್ಲಿ ಹೋದ ವರ್ಷದ ಕೂಲಿಯ ಲೆಕ್ಕ ಇದೆ, ಅದು ಈಗ ಸಲ್ಲದು. ಕೈಯಲ್ಲಿರುವುದು ಆರೂವರೆ ಇಂಚಿನ ಆಂಡ್ರಾಯ್ಡ್ ಫೋನ್, ಅದರಲ್ಲಿ ಪವರ್‌ಪಾಯಿಂಟ್ ಆಪ್, ಮತ್ತು ಸುಮಾರು ಒಂದು ಗಂಟೆ.

ತೆರೆದ ಕೂಡಲೇ ಕಂಡದ್ದು

ವಾಟ್ಸಾಪಿನಲ್ಲಿ ಫೈಲಿನ ಮೇಲೆ ಒತ್ತಿದಾಗ ಪವರ್‌ಪಾಯಿಂಟ್ ತೆರೆಯಿತು. ಆರನೇ ಸ್ಲೈಡಿನಲ್ಲಿ ಕಂಡದ್ದು ಕನ್ನಡವಲ್ಲ:

```
10 °Ãlgï ¤ÃgÀÄ
```

ಇದನ್ನು ನೋಡಿದವರಿಗೆ ಮೊದಲು ಬರುವ ಯೋಚನೆ, ಫೈಲು ಕೆಟ್ಟಿತು ಎಂದು. ಫೈಲು ಕೆಟ್ಟಿಲ್ಲ. ಈ ಸ್ಲೈಡನ್ನು ಕೆಲವು ವರ್ಷಗಳ ಹಿಂದೆ ಆಫೀಸಿನ ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಲಾಗಿತ್ತು. ಈಗಿನ ಫೋನು, ಕಂಪ್ಯೂಟರುಗಳು ಬಳಸುವ ಯೂನಿಕೋಡ್‌ನಲ್ಲಿ "ಕ" ಎಂಬುದಕ್ಕೆ ಅದರದೇ ಸಂಖ್ಯೆ ಇದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಹಾಗಲ್ಲ. ಅಲ್ಲಿ ಫೈಲಿನೊಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಗಳೇ, ಫಾಂಟು ಅವಕ್ಕೆ ಕನ್ನಡದ ಆಕಾರ ತೊಡಿಸುತ್ತದೆ. ಫಾಂಟು ಇಲ್ಲದ ಕಡೆ ತೊಡಿಸುವವರಿಲ್ಲ, ಒಳಗಿನದ್ದು ಹಾಗೇ ಹೊರಗೆ ಕಾಣುತ್ತದೆ. "ಕನ್ನಡ" ಎಂಬ ಪದ `PÀ£ÀßqÀ` ಎಂದು ಕಾಣುವುದು ಇದರಿಂದಲೇ.

ಖಚಿತ ಮಾಡಿಕೊಳ್ಳುವ ದಾರಿ ಸುಲಭ. ಆ ಪದದ ಮೇಲೆ ಎರಡು ಸಲ ತಟ್ಟಿ ಆಯ್ದು, `Home` ಪಟ್ಟಿಯಲ್ಲಿ ಫಾಂಟಿನ ಹೆಸರು ನೋಡಬೇಕು. ಅಲ್ಲಿ `Nudi 01 e` ಎಂದಿದ್ದರೆ ಫೈಲು ಸರಿ ಇದೆ, ಫೋನಿನಲ್ಲಿ ಫಾಂಟು ಇಲ್ಲ ಅಷ್ಟೆ. ಹೆಸರು ಫೈಲಿನೊಳಗೆ ಉಳಿದಿರುವ ತನಕ, ನುಡಿ ಹಾಕಿರುವ ಕಂಪ್ಯೂಟರಿನಲ್ಲಿ ಅದು ಮತ್ತೆ ಕನ್ನಡವಾಗಿಯೇ ತೆರೆಯುತ್ತದೆ.

ಈ ಫೈಲಿನ ಹದಿನಾಲ್ಕರಲ್ಲಿ ಒಂಬತ್ತು ಸ್ಲೈಡು ನುಡಿಯಲ್ಲಿದ್ದವು, ಐದು ಯೂನಿಕೋಡ್‌ನಲ್ಲಿ. ಹಳೆಯ ಫೈಲಿಗೆ ಹೊಸ ಸ್ಲೈಡು ಸೇರಿಸುತ್ತಾ ಬಂದಾಗ ಹೀಗೇ ಆಗುತ್ತದೆ. ಆದ್ದರಿಂದ ತಿದ್ದಲು ಕೈ ಹಾಕುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ಬೇಕಿತ್ತು: ಪೆರ್ಲದ ಸಭಾಭವನದ ಲ್ಯಾಪ್‌ಟಾಪಿನಲ್ಲಿ ನುಡಿ ಉಂಟಾ? ಸಂಘಟಕರಿಗೆ ಹಾಗೆ ಕೇಳಿದರೆ "ಕನ್ನಡ ಬರ್ತದೆ" ಎನ್ನುತ್ತಾರೆ, ಅದು ಉತ್ತರವಲ್ಲ. ಕನ್ನಡ ಯೂನಿಕೋಡ್ ಈಗಿನ ಎಲ್ಲ ವಿಂಡೋಸ್‌ನಲ್ಲೂ ಬರುತ್ತದೆ. ಕೇಳಿದ್ದು ಹೀಗೆ: "ಫೈಲನ್ನು ಆ ಲ್ಯಾಪ್‌ಟಾಪಲ್ಲೇ ತೆರೆದು, ಆರನೇ ಸ್ಲೈಡಿನ ಒಂದು ಫೋಟೋ ತೆಗೆದು ಕಳಿಸ್ತೀರಾ?" ಐದು ನಿಮಿಷದಲ್ಲಿ ಫೋಟೋ ಬಂತು, ಅಕ್ಷರ ನೆಟ್ಟಗಿತ್ತು. ಇಲ್ಲಿಂದ ಮುಂದಿನ ನಿರ್ಧಾರಗಳೆಲ್ಲ ಆ ಒಂದು ಫೋಟೋದ ಮೇಲೆ ನಿಂತವು.

ಮೊದಲು ಪ್ರತಿ, ಆಮೇಲೆ ತಿದ್ದುಪಡಿ

ವಾಟ್ಸಾಪಿನಿಂದ ನೇರ ತೆರೆದ ಫೈಲು ಓದಲಷ್ಟೇ ಇರುವ ಪ್ರತಿ. ಅದರಲ್ಲಿ ತಿದ್ದಿದ್ದು ಎಲ್ಲಿ ಉಳಿಯಿತು ಎಂದು ಆಮೇಲೆ ಹುಡುಕುವಂತಾಗುತ್ತದೆ. ಅದಕ್ಕೆ ಮೂರು ಚುಕ್ಕೆಯ ಮೆನುವಿಗೆ ಹೋಗಿ `Save as` ಒತ್ತಿ, ಫೋನಿನ `Documents` ಫೋಲ್ಡರಿನಲ್ಲಿ ಹೊಸ ಹೆಸರಿನಿಂದ ಉಳಿಸಲಾಯಿತು:

```
koleroga_perla_100L.pptx
```

ಹೆಸರಿನಲ್ಲೇ 100L ಇಟ್ಟದ್ದು ಬೇಕೆಂದೇ. ಸಂಘಟಕರ ಲ್ಯಾಪ್‌ಟಾಪಿನಲ್ಲಿ ಹಳೆಯ ಫೈಲೂ ಇರುತ್ತದೆ, ಎರಡರ ಹೆಸರೂ ಒಂದೇ ಆದರೆ ಕೊನೆಗೆ `(1)` ಎಂದು ಬಾಲ ಸೇರುತ್ತದೆ, ಗಡಿಬಿಡಿಯಲ್ಲಿ ಯಾವುದು ಹೊಸದೆಂದು ಯಾರಿಗೂ ಗೊತ್ತಾಗುವುದಿಲ್ಲ. ಫೈಲನ್ನು ಒನ್‌ಡ್ರೈವ್‌ನಲ್ಲಿ ಇಡಬಹುದಿತ್ತು, ಅಲ್ಲಿ ತಾನಾಗಿಯೇ ಉಳಿಯುತ್ತದೆ. ಆದರೆ ಬದಿಯಡ್ಕದಿಂದ ಮುಂದೆ ಗುಡ್ಡದ ತಿರುವುಗಳಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ. ಅರ್ಧ ಮೇಲೇರಿದ ಫೈಲಿಗಿಂತ ಫೋನಿನಲ್ಲೇ ಇರುವ ಫೈಲು ನಂಬಿಕೆಯದ್ದು.

10.1 ಇಂಚಿಗಿಂತ ದೊಡ್ಡದಲ್ಲದ ಪರದೆಯಲ್ಲಿ ಈ ಆಪ್ ಮೂಲ ತಿದ್ದುಪಡಿಗೆ ಹಣ ಕೇಳುವುದಿಲ್ಲ, ಉಚಿತ ಮೈಕ್ರೋಸಾಫ್ಟ್ ಖಾತೆ ಇದ್ದರೆ ಆಯಿತು. ಅದಕ್ಕಿಂತ ದೊಡ್ಡ ಟ್ಯಾಬ್ಲೆಟ್ ಆದರೆ ಚಂದಾ ಕೇಳುತ್ತದೆ. ಖಾತೆಗೆ ಲಾಗಿನ್ ಆಗುವ ಕೆಲಸವನ್ನು ಮಾತ್ರ ಬಸ್ಸಿಗೆ ಇಟ್ಟುಕೊಳ್ಳಬಾರದು, ನೆಟ್‌ವರ್ಕ್ ಇಲ್ಲದ ಕಡೆ ಕೋಡಿಗೆ ಕಾಯುತ್ತಾ ಕೂರಬೇಕಾದೀತು. ಗೂಗಲ್ ಸ್ಲೈಡ್ಸ್ ಕೂಡ ಪವರ್‌ಪಾಯಿಂಟ್ ಫೈಲನ್ನು ತೆರೆದು ತಿದ್ದಿ ಅದೇ ರೂಪದಲ್ಲಿ ಉಳಿಸುತ್ತದೆ. ಇಡೀ ಫೈಲು ಯೂನಿಕೋಡ್‌ನಲ್ಲಿದ್ದರೆ ಅದೂ ಆಗುತ್ತಿತ್ತು. ಫಾಂಟಿನ ಹೆಸರೇ ಜೀವಾಳವಾಗಿರುವ ಈ ಫೈಲಿಗೆ ಮಾತ್ರ, ಅದು ಹುಟ್ಟಿದ ಪವರ್‌ಪಾಯಿಂಟಿನಲ್ಲೇ ತಿದ್ದುವುದು ಕ್ಷೇಮ.

ಗೀಚು ಅಕ್ಷರದ ನಡುವೆ ಒಂದು ಸೊನ್ನೆ

ಆರನೇ ಸ್ಲೈಡಿನ ಸಾಲನ್ನು ಮತ್ತೊಮ್ಮೆ ನೋಡಿ. "ಲೀಟರ್ ನೀರು" ಗೀಚಿನಂತೆ ಕಂಡರೂ 10 ಮಾತ್ರ 10 ಆಗಿಯೇ ಇದೆ. ಹಳೆಯ ನುಡಿ ಫಾಂಟಿನಲ್ಲಿ ಅಂಕಿಗಳ ಒಳಗಿನ ಸಂಖ್ಯೆ ಇಂಗ್ಲಿಷ್ ಅಂಕಿಗಳದ್ದೇ. ಹೆಸರಿನ ಕೊನೆಯಲ್ಲಿ `e` ಇರುವ ಫಾಂಟು ಅದನ್ನು 10 ಎಂದು ತೋರಿಸುತ್ತದೆ, `k` ಇರುವುದು ೧೦ ಎಂದು. ಒಳಗಿನದ್ದು ಎರಡರಲ್ಲೂ ಒಂದೇ. ಹಾಗಾಗಿ ಸುತ್ತಲಿನ ಪದಗಳನ್ನು ಓದಲಾಗದಿದ್ದರೂ ಅಂಕಿಯನ್ನು ಫೋನಿನಲ್ಲೇ ಧೈರ್ಯವಾಗಿ ತಿದ್ದಬಹುದು. ಇಡೀ ಸ್ಲೈಡನ್ನು ಹೊಸದಾಗಿ ಟೈಪ್ ಮಾಡುವ ಅಗತ್ಯವೇ ಇಲ್ಲ. ನುಡಿಯ ಫೈಲು ಫೋನಿನಲ್ಲಿ ತೆರೆದು ಕೈಚೆಲ್ಲುವವರು ಹೆಚ್ಚಾಗಿ ಗಮನಿಸದೆ ಬಿಡುವುದು ಇದನ್ನೇ.

ಆದರೆ ಬೆರಳು ಜಾಗ್ರತೆ. ಮೊದಲು ಎರಡು ಬೆರಳಿನಿಂದ ಸ್ಲೈಡನ್ನು ಹಿಗ್ಗಿಸಿ, ಆ ಸಾಲು ಪರದೆಯ ಅಗಲ ತುಂಬುವಂತೆ ಮಾಡಿಕೊಳ್ಳಲಾಯಿತು. ಹಿಗ್ಗಿಸದೆ ತಟ್ಟಿದರೆ ಕರ್ಸರ್ ಕೂರುವ ಬದಲು ಇಡೀ ಪೆಟ್ಟಿಗೆಯೇ ಬೆರಳಿಗಂಟಿ ಜರಗುತ್ತದೆ. ಮೂರು ಮಿಲಿಮೀಟರ್ ಜರಗಿದ್ದು ಫೋನಿನಲ್ಲಿ ಕಾಣುವುದಿಲ್ಲ, ಪರದೆಯಲ್ಲಿ ನಾಲ್ಕು ಬೆರಳಗಲ ಓರೆಯಾಗಿ ಕಾಣುತ್ತದೆ. ಹಾಗಾದ ಸಂಶಯ ಬಂದರೆ ಮೇಲಿನ ಹಿಂಬಾಣ ಒತ್ತಿ ಹಿಂದಕ್ಕೆ ಹೋಗಬೇಕೇ ಹೊರತು ಕೈಯಿಂದ ಸರಿಪಡಿಸಲು ಹೋಗಬಾರದು.

ಕರ್ಸರನ್ನು 10ರ ಸೊನ್ನೆಯ ಬಲಕ್ಕೆ ಕೂರಿಸಿ, ಕೀಬೋರ್ಡನ್ನು ಇಂಗ್ಲಿಷಿಗೆ ಬದಲಿಸಿ, ಅಂಕಿಗಳ ಪುಟಕ್ಕೆ ಹೋಗಿ ಒಂದೇ ಒಂದು 0 ಒತ್ತಲಾಯಿತು. ಕನ್ನಡ ಕೀಬೋರ್ಡಿನ ೦ ಅಲ್ಲ, ಅದು ಯೂನಿಕೋಡ್‌ನದ್ದು, ಪಕ್ಕದ ಅಂಕಿಗೆ ಹೊಂದುವುದಿಲ್ಲ. ಕೀಬೋರ್ಡಿನ ಮೇಲುಗಡೆ ಬರುವ ಪದಗಳ ಸಲಹೆಯನ್ನಂತೂ ಮುಟ್ಟಲೇಬಾರದು. ಕೀಬೋರ್ಡಿಗೆ ಈ ಗೀಚು ತಪ್ಪು ಇಂಗ್ಲಿಷಿನಂತೆ ಕಾಣುತ್ತದೆ, ತಿದ್ದಿಕೊಡಲು ಹೊರಡುತ್ತದೆ. ಸಣ್ಣ ಅಕ್ಷರ ದೊಡ್ಡದಾದರೂ ಸಾಕು, ಕನ್ನಡ ಬದಲಾಗುತ್ತದೆ: `q` ಇದ್ದ ಕಡೆ ಡ ಇತ್ತು, `Q` ಆದರೆ ಅಲ್ಲಿ ಕಿ ಬಂದು ಕೂರುತ್ತದೆ. ಅಳಿಸುವ ಗುಂಡಿಯೂ ಅಷ್ಟೇ ಅಪಾಯದ್ದು. ಕ ಎಂಬ ಒಂದಕ್ಷರ ಇಲ್ಲಿ `PÀ` ಎಂಬ ಎರಡು ಚಿಹ್ನೆ. ಒಂದನ್ನಷ್ಟೇ ಅಳಿಸಿದರೆ ತಲೆಕಟ್ಟು ಹೋಗಿ ಬುಡ ಉಳಿಯುತ್ತದೆ.

ತಿದ್ದಿದ ಮೇಲೆ ಸಾಲು ಹೀಗಿತ್ತು:

```
100 °Ãlgï ¤ÃgÀÄ
```

ಈ ಕೆಲಸಕ್ಕೆ ಹಿಡಿದದ್ದು ಎರಡು ನಿಮಿಷವೂ ಇಲ್ಲ.

ಹೊಸ ಸಾಲಿಗೆ ಹೊಸ ಪೆಟ್ಟಿಗೆ

ಹನ್ನೊಂದನೇ ಸ್ಲೈಡೂ ನುಡಿಯದ್ದೇ, ಆದರೆ ಅಲ್ಲಿ ಬೇಕಾದದ್ದು ಅಂಕಿಯಲ್ಲ, ಒಂದು ಪೂರ್ತಿ ವಾಕ್ಯ: "ಎರಡನೇ ಸಿಂಪಡಣೆ: ಮೊದಲಿನದ್ದಾಗಿ 40–45 ದಿನಕ್ಕೆ". ಫೋನಿನ ಕನ್ನಡ ಕೀಬೋರ್ಡ್ ಕೊಡುವುದು ಯೂನಿಕೋಡ್. ಅದನ್ನು ನುಡಿಯ ಪೆಟ್ಟಿಗೆಯೊಳಗೇ ಟೈಪ್ ಮಾಡಿದರೆ ಫೋನಿನಲ್ಲಿ ಚೆಂದವಾಗಿಯೇ ಕಾಣುತ್ತದೆ. ಲ್ಯಾಪ್‌ಟಾಪಿಗೆ ಹೋದಾಗ ಮೇಲಿನ ಸಾಲು ನುಡಿಯ ಆಕಾರದಲ್ಲೂ, ಹೊಸ ಸಾಲು ವಿಂಡೋಸ್ ತಾನಾಗಿ ಕೊಡುವ ಬೇರೆ ಫಾಂಟಿನಲ್ಲೂ ಬರುತ್ತದೆ. ಸಾಲುಗಳ ಎತ್ತರ ಬೇರೆ ಬೇರೆಯಾಗಿ, ಕೆಳಗಿನ ಸಾಲು ಪೆಟ್ಟಿಗೆಯಿಂದ ಹೊರಗೆ ಇಳಿಯಬಹುದು.

ಅದಕ್ಕೆ ಹಳೆಯ ಪೆಟ್ಟಿಗೆಯನ್ನು ಮುಟ್ಟದೆ, `Insert` ಪಟ್ಟಿಯಿಂದ ಹೊಸ `Text Box` ಹಾಕಿ ಸ್ಲೈಡಿನ ಕೆಳಭಾಗದ ಖಾಲಿ ಜಾಗದಲ್ಲಿ ಇಡಲಾಯಿತು. ಬೇರೆ ಪೆಟ್ಟಿಗೆ, ಬೇರೆ ಬಣ್ಣ. ಫಾಂಟಿನ ವ್ಯತ್ಯಾಸ ತಪ್ಪಿನಂತೆ ಕಾಣದೆ, ಒತ್ತಿ ಹೇಳಿದಂತೆ ಕಾಣುತ್ತದೆ. ಪೆಟ್ಟಿಗೆಯ ಅಗಲವನ್ನು ಸಾಲಿಗೆ ಸರಿಯಾಗಿ ಹೊಂದಿಸದೆ, ಬಲಗಡೆ ಕಾಲು ಭಾಗ ಖಾಲಿ ಬಿಡಲಾಯಿತು. ಫೋನಿನ ಕನ್ನಡ ಫಾಂಟೂ ವಿಂಡೋಸ್‌ನ ನಿರ್ಮಲಾ, ತುಂಗಾ ಫಾಂಟುಗಳೂ ಒಂದೇ ಅಳತೆಯವಲ್ಲ. ಇಲ್ಲಿ ಒಂದೇ ಸಾಲಿನಲ್ಲಿ ಕೂತದ್ದು ಅಲ್ಲಿ "ದಿನಕ್ಕೆ" ಎಂಬ ಪದವನ್ನು ಕೆಳಗೆ ತಳ್ಳಬಹುದು.

ಅಕ್ಷರದ ಗಾತ್ರ 28 ಇಡಲಾಯಿತು. ಅದು ಸಾಕೇ ಎಂದು ನೋಡಲು ಒಂದು ಸರಳ ಲೆಕ್ಕವಿದೆ. ಫೋನನ್ನು ನೆಟ್ಟಗೆ ಹಿಡಿದಾಗ ಸ್ಲೈಡಿನ ಅಗಲ ಸುಮಾರು 7 ಸೆಂಟಿಮೀಟರ್. ಅದನ್ನು 50 ಸೆಂಟಿಮೀಟರ್ ದೂರದಿಂದ ನೋಡುವುದೂ, 2 ಮೀಟರ್ ಅಗಲದ ಪರದೆಯನ್ನು 14 ಮೀಟರ್ ದೂರದಿಂದ ನೋಡುವುದೂ ಕಣ್ಣಿಗೆ ಒಂದೇ. ಹಿಗ್ಗಿಸದೆ, ಕೈಯಳತೆಯಲ್ಲಿ ಹಿಡಿದು ಓದಲು ಬಂದರೆ ಸಭಾಭವನದ ಹಿಂದಿನ ಸಾಲಿನವರಿಗೂ ಬರುತ್ತದೆ. ಈ ಒಂದು ವಿಷಯದಲ್ಲಿ ಲ್ಯಾಪ್‌ಟಾಪಿಗಿಂತ ಫೋನೇ ಒಳ್ಳೆಯ ತಕ್ಕಡಿ.

ಇಡೀ ನುಡಿಯ ಪ್ಯಾರಾವನ್ನೇ ಬದಲಿಸಬೇಕಾದ ಸಂದರ್ಭ ಬಂದರೆ ದಾರಿ ಬೇರೆ. ಗೀಚನ್ನು ಪೂರ್ತಿ ನಕಲು ಮಾಡಿ, ನುಡಿಯಿಂದ ಯೂನಿಕೋಡ್‌ಗೆ ಬದಲಿಸಿಕೊಡುವ ಜಾಲತಾಣದಲ್ಲಿ ಅಂಟಿಸಿ, ಬಂದ ಕನ್ನಡವನ್ನು ತಿದ್ದಿ, ಹೊಸ ಪೆಟ್ಟಿಗೆಯಲ್ಲಿ ಹಾಕಬೇಕು. ಒತ್ತಕ್ಷರ, ಅರ್ಕಾವತ್ತುಗಳನ್ನು ಒಂದೊಂದಾಗಿ ಓದಿ ನೋಡಬೇಕು. ಒಂದೆರಡು ಸ್ಲೈಡಿಗೆ ಇದು ಆಗುವ ಕೆಲಸ. ಒಂಬತ್ತು ಸ್ಲೈಡಿಗೆ ಬಸ್ಸಿನಲ್ಲಿ ಕೂತು ಮಾಡುವ ಕೆಲಸವಲ್ಲ.

ಮುಚ್ಚಿಟ್ಟ ಚಾರ್ಟು

ಒಂಬತ್ತನೇ ಸ್ಲೈಡಿನ ಚಾರ್ಟು ಫೋನಿನಲ್ಲಿ ಸರಿಯಾಗಿ ಕಂಡಿತು, ಆದರೆ ಅದರ ಹಿಂದಿನ ಅಂಕಿಗಳ ಹಾಳೆ ಫೋನಿನ ಆಪ್‌ನಲ್ಲಿ ತೆರೆಯುವುದಿಲ್ಲ. ಕಂಬದ ಎತ್ತರ ಬದಲಿಸಲಾಗದೆ, ಮೇಲೆ ಬಿಳಿ ಪೆಟ್ಟಿಗೆ ಹಚ್ಚಿ ಹೊಸ ಅಂಕಿ ಬರೆದರೆ ಎತ್ತರ ಒಂದು ಹೇಳುತ್ತದೆ, ಅಂಕಿ ಇನ್ನೊಂದು. ಅಂಥ ತೇಪೆ ಬೇಡ. ಕೆಳಗಿನ ಸಣ್ಣ ಚಿತ್ರದ ಮೇಲೆ ಒತ್ತಿ ಹಿಡಿದು `Hide` ಮಾಡಲಾಯಿತು. ಪ್ರದರ್ಶನದಲ್ಲಿ ಆ ಸ್ಲೈಡು ಬರುವುದಿಲ್ಲ, ಫೈಲಿನಲ್ಲಿ ಉಳಿದಿರುತ್ತದೆ. ಕೂಲಿಯ ಈಗಿನ ಲೆಕ್ಕವನ್ನು ಬಾಯಲ್ಲಿ ಹೇಳಿದರೂ ನಷ್ಟವಿಲ್ಲ, ಅದನ್ನು ನೋಡಿ ಯಾರೂ ಮದ್ದು ಕಲಸುವುದಿಲ್ಲ.

ಪಿಡಿಎಫ್ ಮಾಡುವ ಆಸೆ

ತಿದ್ದಿ ಮುಗಿಸಿದ ಮೇಲೆ ಸಂಘಟಕರು ಕೇಳಿದರು: "ಪಿಡಿಎಫ್ ಮಾಡಿ ಕಳಿಸಿದ್ರೆ ಒಳ್ಳೇದಲ್ವಾ, ಅಕ್ಷರ ಆಚೀಚೆ ಆಗುದಿಲ್ಲ?" ಕಂಪ್ಯೂಟರಿನಲ್ಲಿ ಮಾಡಿದ ಪಿಡಿಎಫ್‌ಗೆ ಈ ಮಾತು ನಿಜ, ಫಾಂಟು ಫೈಲಿನೊಳಗೇ ಸೇರಿಕೊಳ್ಳುತ್ತದೆ. ಫೋನಿನಲ್ಲಿ ಮಾಡಿದರೆ ಇಲ್ಲಿ ಅನಾಹುತ. ಫೋನಿನಲ್ಲಿ ನುಡಿ ಇಲ್ಲ, ಆದ್ದರಿಂದ ಪಿಡಿಎಫ್‌ಗೆ ಹೋಗುವುದು ಕಣ್ಣಿಗೆ ಕಾಣುತ್ತಿರುವ ಗೀಚೇ. ಪವರ್‌ಪಾಯಿಂಟ್ ಫೈಲಿನಲ್ಲಾದರೆ ನುಡಿ ಇರುವ ಲ್ಯಾಪ್‌ಟಾಪಿನಲ್ಲಿ ಕನ್ನಡ ಮರಳಿ ಬರುತ್ತದೆ. ಫೋನು ಮಾಡಿದ ಪಿಡಿಎಫ್‌ನಲ್ಲಿ ಅದು ಗೀಚಾಗಿಯೇ ಅಚ್ಚಾಗಿ ಕೂರುತ್ತದೆ. ಫೋನಿಗೆ ವಯರು ಹಾಕಿ ಪ್ರೊಜೆಕ್ಟರಿಗೆ ಜೋಡಿಸುವ ಯೋಚನೆಯೂ ಇದೇ ಕಾರಣಕ್ಕೆ ನಡೆಯದು. ಅದಲ್ಲದೆ ಟೈಪ್-ಸಿ ಕಿಂಡಿಯಿಂದ ಚಿತ್ರ ಹೊರಗೆ ಕೊಡುವ ಸೌಲಭ್ಯ ಎಲ್ಲ ಫೋನುಗಳಲ್ಲಿ ಇರುವುದಿಲ್ಲ.

ಒಂದು ವೇಳೆ ಪೆರ್ಲದ ಲ್ಯಾಪ್‌ಟಾಪಿನಲ್ಲಿ ನುಡಿ ಇಲ್ಲದಿದ್ದರೆ? ಆಗ ಉಪಯೋಗಕ್ಕೆ ಬರುತ್ತಿದ್ದದ್ದು ಹೋದ ವರ್ಷ ಆಫೀಸಿನ ಕಂಪ್ಯೂಟರಿನಲ್ಲಿ ಮಾಡಿ ಕಳಿಸಿದ್ದ ಹಳೆಯ ಪಿಡಿಎಫ್. ಅದನ್ನು ಫೋನಿನಲ್ಲಿ ಅಡ್ಡ ಹಿಡಿದು ತೆರೆದು, ಒಂದೊಂದು ಪುಟದ ಸ್ಕ್ರೀನ್‌ಶಾಟ್ ತೆಗೆದು, ಅಂಚು ಕತ್ತರಿಸಿ, ಚಿತ್ರವಾಗಿ ಸ್ಲೈಡಿನ ತುಂಬ ಇಡಬಹುದು. 1080 ಚುಕ್ಕೆ ಅಗಲದ ಫೋನನ್ನು ಅಡ್ಡ ಹಿಡಿದಾಗ 16:9ರ ಪುಟವೊಂದು ಪರದೆಯ ಎತ್ತರ ತುಂಬಿದರೆ ಸಿಗುವ ಚಿತ್ರ 1920 × 1080, ಸಭಾಭವನದ ಪ್ರೊಜೆಕ್ಟರಿಗೆ ಧಾರಾಳ. ತಪ್ಪು ಅಂಕಿ ಇರುವ ಆರನೆಯದನ್ನು ಮಾತ್ರ ಯೂನಿಕೋಡ್‌ನಲ್ಲಿ ಹೊಸದಾಗಿ ಬರೆಯಬೇಕಾಗುತ್ತಿತ್ತು.

ಕಳಿಸಿದ್ದು ಹೊಸದೇ?

ಹಳೆಯ ಸಂದೇಶವನ್ನೇ ಮುಂದಕ್ಕೆ ಕಳಿಸಿದರೆ ಹೋಗುವುದು ಹಳೆಯ ಫೈಲು. ಫೋನಿನಲ್ಲಿ ಪ್ರೆಸೆಂಟೇಶನ್ ತಿದ್ದುವಾಗ ಬಹಳ ಸಲ ಆಗುವ ತಪ್ಪು ಇದೇ, ಕೆಲಸವೆಲ್ಲ ಸರಿಯಾಗಿದ್ದೂ ಕೊನೆಗೆ ವ್ಯರ್ಥವಾಗುವುದು ಇಲ್ಲಿ. ಆದ್ದರಿಂದ ಆಪ್ ಮುಚ್ಚಿ, ಫೈಲುಗಳ ಆಪ್‌ನಲ್ಲಿ `Documents` ತೆರೆದು, ಹೊಸ ಹೆಸರನ್ನೂ ಸಮಯವನ್ನೂ ನೋಡಿ, ಅಲ್ಲಿಂದಲೇ ಡಾಕ್ಯುಮೆಂಟ್ ಆಗಿ ಕಳಿಸಲಾಯಿತು. ನೆಟ್‌ವರ್ಕ್ ಗಟ್ಟಿ ಇದ್ದ ಬದಿಯಡ್ಕದ ಬಸ್‌ ನಿಲ್ದಾಣದಲ್ಲೇ ಈ ಕೆಲಸ ಮುಗಿಯಿತು. ಜೊತೆಗೆ ಒಂದು ಪ್ರತಿ ಓಟಿಜಿ ಪೆನ್‌ಡ್ರೈವಿಗೂ ಹೋಯಿತು, ಸಭಾಭವನದಲ್ಲಿ ಇಂಟರ್ನೆಟ್ ಕೈಕೊಟ್ಟರೆ ಇರಲಿ ಎಂದು.

ಸಂಘಟಕರು ಹೊಸ ಫೈಲನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಮತ್ತೆ ಎರಡು ಫೋಟೋ ಕಳಿಸಿದರು. ಆರನೆಯದರಲ್ಲಿ "100 ಲೀಟರ್ ನೀರು", ನುಡಿಯ ಅಕ್ಷರದಲ್ಲೇ, ತಿದ್ದಿದ ಗುರುತೂ ಇಲ್ಲದಂತೆ. ಹನ್ನೊಂದನೆಯದರಲ್ಲಿ ಹೊಸ ಸಾಲು ಒಂದೇ ಸಾಲಾಗಿ ಕೂತಿತ್ತು, ಆದರೆ ಬಿಟ್ಟ ಕಾಲು ಭಾಗದಲ್ಲಿ ಅರ್ಧದಷ್ಟನ್ನು ವಿಂಡೋಸ್‌ನ ಅಗಲವಾದ ಅಕ್ಷರ ತಿಂದಿತ್ತು.

ಬಸ್ಸು ಪೆರ್ಲ ಮುಟ್ಟುವ ಮೊದಲು ಹೋದ ಕೊನೆಯ ಸಂದೇಶ ಇಷ್ಟು: "ಡೆಸ್ಕ್‌ಟಾಪಲ್ಲಿರುವ ನಿನ್ನೆಯ ಫೈಲು ಡಿಲೀಟ್ ಮಾಡಿ, 100L ಅಂತ ಹೆಸರಿರುವುದು ಒಂದೇ ಇರಲಿ."